ಎರಡು ಕಂಬದ ಗುಡಿ

ಬಸವಣ್ಣನವರ ವಚನಗಳಲ್ಲಿ ವೇದಿಕೆಯ ಮೇಲೆ ಅತಿ ಹೆಚ್ಚು ಸವೆದಿರುವುದು ಬಹುಶಃ ಇದೇ ಇರಬೇಕು. ಭಾಷಣಕಾರರು ಕೊನೆಯ ಸಾಲನ್ನಷ್ಟೇ ಎತ್ತಿಕೊಳ್ಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ, ಅಲ್ಲಿಗೆ ಮುಗಿಯುತ್ತದೆ. ಪೂರ್ತಿ ಓದಿದರೆ ಹೀಗಿದೆ:

ಉಳ್ಳವರು ಶಿವಾಲಯವ ಮಾಡಿಹರು
ನಾನೇನ ಮಾಡುವೆ ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ಸ್ಥಾವರವೆಂದರೆ ನೆಲೆನಿಂತದ್ದು, ಜಂಗಮವೆಂದರೆ ಚಲಿಸುವುದು. ಚಪ್ಪಾಳೆಯ ಸದ್ದು ಅಡಗಿದ ಮೇಲೆ ಒಂದು ಅನುಮಾನ ಉಳಿಯುತ್ತದೆ. ಯಾವುದು ಅಳಿಯಿತು, ಯಾವುದು ಉಳಿಯಿತು? ಬಸವಣ್ಣನವರ ಕಾಲದಲ್ಲಿ ನಿಂತಿದ್ದ ಕಲ್ಲಿನ ಶಿವಾಲಯಗಳು ಇಂದಿಗೂ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ನಿಂತಿವೆ. ಇಟಗಿಯ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು 1112ರಲ್ಲಿ. ಒಂಬೈನೂರು ವರ್ಷ ದಾಟಿದೆ, ಈಗಲೂ ಹೋಗಿ ಅದರ ಕಂಬಕ್ಕೆ ಬೆನ್ನು ಕೊಟ್ಟು ಕೂರಬಹುದು. ಕಾಲನ್ನೇ ಕಂಬ ಮಾಡಿಕೊಂಡವರ ದೇಹ ಮಾತ್ರ ಹನ್ನೆರಡನೆಯ ಶತಮಾನವನ್ನೂ ದಾಟಲಿಲ್ಲ. ಹಾಗಿದ್ದ ಮೇಲೆ ಕೊನೆಯ ಸಾಲು ತಲೆಕೆಳಗಾಗಿದೆ ಎಂದು ಯಾರಾದರೂ ವಾದಿಸಿದರೆ ಥಟ್ಟನೆ ಏನು ಉತ್ತರ ಕೊಡುವುದು?

ಸಾಮಾನ್ಯವಾಗಿ ಸಿಗುವ ಉತ್ತರ, ಜಂಗಮವೆಂದರೆ ಆತ್ಮ, ಆತ್ಮಕ್ಕೆ ಸಾವಿಲ್ಲ ಎಂಬುದು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಆತ್ಮದ ಮಾತೇ ಆಗಿದ್ದರೆ ಅದಕ್ಕೆ ಹಿಂದಿನ ಸಾಲಿನಲ್ಲಿ ಕಾಲು, ದೇಹ, ತಲೆ ಯಾಕೆ ಬೇಕಿತ್ತು? ಆತ್ಮಕ್ಕೆ ಕಾಲಿಲ್ಲ. ಇನ್ನೊಂದು ಉತ್ತರ, ಇದು ಗುಡಿ ಬೇಡ ಎನ್ನುವ ವಚನ ಎಂಬುದು. ಅದೂ ಅರ್ಧ ಸತ್ಯ. ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿರುವ ಕಲ್ಲಿನ ಗುಡಿಯ ದೇವರನ್ನೇ ಇವರು ತಮ್ಮ ಅಂಕಿತ ಮಾಡಿಕೊಂಡಿದ್ದಾರೆ. ಈ ವಚನದಲ್ಲೂ ‘ಕೇಳಯ್ಯಾ’ ಎಂದು ಕರೆದಿರುವುದು ಆ ಸಂಗಮದ ದೇವರನ್ನೇ. ಗುಡಿ ಕೆಡವಿ ಎಂಬ ಮಾತು ವಚನದಲ್ಲಿ ಎಲ್ಲಿಯೂ ಇಲ್ಲ. ಉಳ್ಳವರು ಕಟ್ಟಿಸಿದ್ದಾರೆ, ಕಟ್ಟಿಸಲಿ. ನನ್ನ ಪಾಡೇನು ಎಂಬುದು ಅದರ ಪ್ರಶ್ನೆ.

ವಚನವನ್ನು ವಚನಗಳ ನಡುವೆಯಷ್ಟೇ ಇಟ್ಟು ಓದುವುದನ್ನು ಬಿಟ್ಟು, ಅದೇ ಕಾಲದ ದಾನಶಾಸನಗಳ ಪಕ್ಕದಲ್ಲಿ ಇಟ್ಟು ಓದತೊಡಗಿದ ಮೇಲೆ ನನಗೆ ಈ ಸಾಲುಗಳು ಬೇರೆಯಾಗಿ ಕೇಳಿಸಿದವು. ಬಸವಣ್ಣನವರು ಕಲಚುರಿ ಬಿಜ್ಜಳನ ಭಂಡಾರಿಯಾಗಿದ್ದವರು. ಶಿವಾಲಯ ಕಟ್ಟಲು ಕಲ್ಲು ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ, ಕಟ್ಟಿದ ಮೇಲೆ ಅದು ಯಾವುದರಿಂದ ನಡೆಯುತ್ತದೆ ಎನ್ನುವುದು ಭಂಡಾರದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ದಾನಶಾಸನ ಅವರ ಕಚೇರಿಯ ಭಾಷೆ.

ಶಾಸನದ ಕಲ್ಲನ್ನು ಹತ್ತಿರದಿಂದ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕಲ್ಲಿನ ತುದಿಯಲ್ಲಿ ಒಂದು ಕಮಾನಿನಾಕಾರದ ಪಟ್ಟಿ. ನಡುವೆ ಲಿಂಗ, ಅದರ ಪಕ್ಕದಲ್ಲಿ ಪೂಜೆ ಮಾಡುವವನು, ಇನ್ನೊಂದು ಬದಿಗೆ ನಂದಿ, ಹಲವು ಕಲ್ಲುಗಳಲ್ಲಿ ಕರುವಿಗೆ ಹಾಲೂಡುತ್ತಿರುವ ಹಸು. ಮೇಲುಗಡೆ ಎರಡು ಮೂಲೆಗೆ ಸೂರ್ಯ ಮತ್ತು ಚಂದ್ರ. ದುಂಡಗಿನ ಬಿಲ್ಲೆ ಒಂದು, ಕುಡುಗೋಲಿನ ಹಾಗೆ ಬಾಗಿದ್ದು ಇನ್ನೊಂದು. ಅವು ಅಲಂಕಾರಕ್ಕಲ್ಲ. ಈ ದಾನ ಸೂರ್ಯಚಂದ್ರರು ಇರುವವರೆಗೆ ನಡೆಯತಕ್ಕದ್ದು ಎಂಬ ಕರಾರಿನ ಗುರುತು. ಓದು ಬಾರದವನಿಗೂ ಅರ್ಥವಾಗಲಿ ಎಂದು ಕೆತ್ತಿದ್ದು.

ಅದರ ಕೆಳಗೆ ಅಕ್ಷರಗಳು. ಮೊದಲಿಗೆ ಅರಸನ ಬಿರುದುಗಳ ಸಾಲು: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂದು ಉಸಿರು ಕಟ್ಟುವ ತನಕ. ಅವನ ರಾಜ್ಯ ‘ಆಚಂದ್ರಾರ್ಕತಾರಂಬರಂ ಸಲುತ್ತಮಿರೆ’ ಎಂಬ ಒಕ್ಕಣೆ. ಆಮೇಲೆ ಅಧಿಕಾರಿಯ ಹೆಸರು, ಅದರ ಹಿಂದೆ ‘ತತ್ಪಾದಪದ್ಮೋಪಜೀವಿ’ ಎಂಬ ವಿಶೇಷಣ. ಅಂದರೆ ಆ ಅರಸನ ಪಾದಕಮಲವನ್ನು ಆಶ್ರಯಿಸಿ ಬದುಕುವವನು. ಆಮೇಲೆ ಅವನು ಕಟ್ಟಿಸಿದ ಗುಡಿಯ ವರ್ಣನೆ. ಕೊನೆಗೆ ವ್ಯವಹಾರ: ಸ್ಥಾನಾಚಾರ್ಯರ ಕಾಲು ತೊಳೆದು, ಧಾರೆಯೆರೆದು, ಇಷ್ಟು ಮತ್ತರು ಗದ್ದೆ, ಇಷ್ಟು ಹೂದೋಟ, ಒಂದು ಗಾಣ, ನಂದಾದೀವಿಗೆಗೆ ಇಷ್ಟು ಎಣ್ಣೆ, ದೇವರ ಅಂಗಭೋಗ ರಂಗಭೋಗಕ್ಕೆ, ನೈವೇದ್ಯಕ್ಕೆ, ತಪೋಧನರ ಆಹಾರದಾನಕ್ಕೆ ಬಿಟ್ಟೆವು ಎಂಬ ಲೆಕ್ಕ. ಗದ್ದೆಯನ್ನು ಅಳೆದ ಗಳೆ ಯಾವುದು, ಮೂಡಣಕ್ಕೆ ಯಾವ ಮರ, ತೆಂಕಣಕ್ಕೆ ಯಾವ ಹಳ್ಳ ಎಂಬ ಚೆಕ್ಕುಬಂದಿ ಕೂಡ ಇರುತ್ತದೆ.

ಈ ಲೆಕ್ಕದ ನಡುವೆ ಬಹುತೇಕ ತಪ್ಪದೆ ಬರುವ ಒಂದು ಬಾಬತ್ತು ಇದೆ: ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕಂ’. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ರಿಪೇರಿ ಮಾಡಿಸುವುದಕ್ಕೆ ಎಂದರ್ಥ. ಗುಡಿಯ ಉಳಿ ಪೆಟ್ಟಿನ ಸದ್ದು ಇನ್ನೂ ನಿಂತಿಲ್ಲದಿರುವಾಗಲೇ ಅದು ಒಡೆಯುತ್ತದೆಂದು ಲೆಕ್ಕ ಹಿಡಿದು ಹಣ ತೆಗೆದಿಟ್ಟಿದ್ದಾರೆ. ಕೊನೆಯಲ್ಲಿ ಶಾಪ: ಇದನ್ನು ಪಾಲಿಸಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ದಾನ ಕೊಟ್ಟ ಫಲ, ಅಳಿಸಿದವರಿಗೆ ಅದೇ ಕವಿಲೆಗಳನ್ನು ಕೊಂದ ಪಾಪ. ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’ ಎಂಬ ಶ್ಲೋಕ. ತಾನು ಕೊಟ್ಟದ್ದಾಗಲಿ ಇತರರು ಕೊಟ್ಟದ್ದಾಗಲಿ, ಆ ನೆಲವನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ಇಷ್ಟು ಘೋರವಾದ ಶಾಪ ಹಾಕಬೇಕಾದರೆ ಹಾಕಿದವನಿಗೆ ಎಷ್ಟು ದಿಗಿಲಿರಬೇಕು! ಮೇಲೆ ಸೂರ್ಯಚಂದ್ರರನ್ನು ಕೆತ್ತಿಸಿದವನಿಗೇ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ನಂಬಿಕೆ ಕುಸಿದಿದೆ. ಶಾಸನದ ಇಡೀ ಕಲ್ಲು ‘ಸ್ಥಾವರಕ್ಕಳಿವುಂಟು’ ಎಂಬುದನ್ನು ಒಪ್ಪಿಕೊಂಡೇ ಬರೆದ ಕಾಗದ.

ಈಗ ವಚನವನ್ನು ಮತ್ತೆ ಓದಿ. ಅದರ ಅಂಗಾಂಗಗಳು ದಾನಶಾಸನದವೇ. ಮೊದಲು ದಾನಿ ಬರುತ್ತಾನೆ. ಆದರೆ ಶಾಸನದಲ್ಲಿ ಹತ್ತು ಸಾಲು ಹಿಡಿಯುವ ಬಿರುದುಗಳೆಲ್ಲ ಇಲ್ಲಿ ‘ಉಳ್ಳವರು’ ಎಂಬ ಒಂದೇ ಮಾತಿಗೆ ಕುಗ್ಗಿವೆ. ಅವರ ಬಗ್ಗೆ ಹೇಳಬೇಕಾದದ್ದು ಅಷ್ಟೇ, ಅವರಿಗೆ ಇದೆ. ಆಮೇಲೆ ಮಾತಾಡುವವನ ಬಿರುದು ಬರಬೇಕಾದ ಜಾಗದಲ್ಲಿ ‘ಬಡವನಯ್ಯಾ’. ರಾಜ್ಯದ ಭಂಡಾರದ ಕೀಲಿಕೈ ಇಟ್ಟುಕೊಂಡವರು ತನ್ನನ್ನು ಬಡವನೆಂದು ಕರೆದುಕೊಳ್ಳುವುದು ವಿನಯದ ಸೋಗು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ಲೆಕ್ಕದವನ ಖಚಿತ ಮಾತಿನಂತೆ ಕೇಳಿಸುತ್ತದೆ. ಭಂಡಾರ ಭಂಡಾರಿಯದಲ್ಲ. ಶಾಸನದ ಭಾಷೆಯಲ್ಲಿ ಅವರೂ ಒಬ್ಬ ‘ಪಾದಪದ್ಮೋಪಜೀವಿ’ ಆಗಿರಬೇಕಾಗಿತ್ತು. ಇನ್ನೊಬ್ಬರ ಕಾಲಿನ ಆಸರೆಯಲ್ಲಿ ಬದುಕಿ, ಆ ಆಸರೆಯ ಹಣದಲ್ಲಿ ಗುಡಿ ಕಟ್ಟಿಸಿ, ಹೆಸರು ಕೆತ್ತಿಸಿಕೊಳ್ಳಬಹುದಾಗಿತ್ತು. ಅದರ ಮರುಸಾಲಿಗೇ ‘ಎನ್ನ ಕಾಲೇ ಕಂಬ’ ಎಂದು ಬಂದಾಗ ಆ ಕಾಲಿನ ಮೇಲೆ ಸ್ವಲ್ಪ ಹೆಚ್ಚೇ ಭಾರ ಬೀಳುತ್ತದೆ.

ಆಮೇಲೆ ಗುಡಿಯ ವರ್ಣನೆ. ಶಾಸನಕವಿಯಾಗಿದ್ದರೆ ಮೇರುವನ್ನೂ ಕೈಲಾಸವನ್ನೂ ತರುತ್ತಿದ್ದ. ಇಲ್ಲಿ ಇರುವುದು ಮೂರೇ ಭಾಗ: ಕಂಬ, ದೇಗುಲ, ಕಳಶ. ಗುಡಿಗೂ ಮೈಗೂ ಇರುವ ಹೋಲಿಕೆ ಬಸವಣ್ಣನವರ ಹೊಸ ಕಲ್ಪನೆಯಲ್ಲ, ಸ್ಥಪತಿಗಳಿಗೆ ಗೊತ್ತಿದ್ದದ್ದೇ. ಕಂಬ ಗೋಡೆಗಳ ಎತ್ತರಕ್ಕೆ ಅವರು ‘ಪಾದ’ ಎನ್ನುತ್ತಾರೆ, ಶಿಖರದ ಕೆಳಗಿನ ಭಾಗಕ್ಕೆ ‘ಗ್ರೀವ’ ಅಂದರೆ ಕತ್ತು, ಲಿಂಗವಿರುವ ಕೋಣೆಗೆ ಗರ್ಭಗುಡಿ. ಕಲ್ಲಿಗೆ ಮೈಯ ಹೆಸರುಗಳನ್ನು ಮೊದಲು ಸಾಲ ಕೊಟ್ಟವರು ಅವರು. ವಚನ ಆ ಸಾಲವನ್ನು ವಾಪಸು ಕೇಳುತ್ತದೆ, ಅಷ್ಟೇ. ಆದರೆ ಮರಳಿ ತರುವಾಗ ಒಂದನ್ನು ಬಿಟ್ಟುಬಿಟ್ಟಿದೆ. ಈ ಗುಡಿಗೆ ಗರ್ಭಗುಡಿ ಹೇಳಿಲ್ಲ. ಹೊರಗಿನಿಂದ ಕಾಣುವ ಕಂಬ, ಮೈಕಟ್ಟು, ತುದಿಯ ಕಳಶ ಇವಿಷ್ಟೇ. ಒಳಗಿನ ಕತ್ತಲೆ ಕೋಣೆ, ಅದರ ಹೊಸ್ತಿಲು, ಹೊಸ್ತಿಲ ಒಳಗೆ ಹೋಗುವವರು ಯಾರು, ಹೊರಗೆ ನಿಲ್ಲುವವರು ಯಾರು ಎಂಬ ವಿಂಗಡಣೆ ಯಾವುದೂ ಇಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಕರಡಿಗೆಯಲ್ಲಿ ಧರಿಸಿ, ಎಡ ಅಂಗೈಯ ಮೇಲಿಟ್ಟು ಪೂಜಿಸುವವರಿಗೆ ಗರ್ಭಗುಡಿ ಹೊರಗೇ ಇದೆ, ಬೆಳಕಿನಲ್ಲಿ.

ಕಂಬಗಳ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಕಲ್ಯಾಣ ಚಾಳುಕ್ಯರ ಕಾಲದ ಮಂಟಪದ ಒಳಗೆ ನಡುವಿನ ಅಂಕಣವನ್ನು ಹೊರಲು ಕಡಿಮೆಯೆಂದರೆ ನಾಲ್ಕು ಕಂಬ ಬೇಕು. ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದ ಆ ಕಂಬಗಳ ಉಂಗುರದಂಥ ಏಣುಗಳು ಇವತ್ತಿಗೂ ಕನ್ನಡಿಯಂತೆ ಹೊಳೆಯುತ್ತವೆ. ಮನುಷ್ಯನಿಗೆ ಇರುವುದು ಎರಡೇ. ಎರಡು ಕಂಬದ ಮೇಲೆ ಮಂಟಪ ನಿಲ್ಲುವುದಿಲ್ಲ. ಎರಡು ಕಾಲಿನ ಮೇಲೆ ನಾವು ನಿಂತಾಗಲೂ ಮೈ ಸೂಕ್ಷ್ಮವಾಗಿ ಆ ಕಡೆ ಈ ಕಡೆ ವಾಲುತ್ತಾ ತನ್ನನ್ನು ತಾನು ಸರಿಪಡಿಸಿಕೊಳ್ಳುತ್ತಲೇ ಇರುತ್ತದೆ. ಎರಡು ಕಂಬದ ಗುಡಿಗೆ ಬೀಳದಿರಲು ಇರುವ ದಾರಿ ಒಂದೇ, ಅಲುಗಾಡುತ್ತಿರುವುದು. ಕಾಲನ್ನು ಕಂಬವೆಂದ ಕೂಡಲೇ ಗುಡಿ ಹೊರಟು ನಿಂತಿದೆ. ಜಂಗಮ ಕೊನೆಯ ಸಾಲಿನಲ್ಲಿ ಹೊಸದಾಗಿ ಬಂದದ್ದಲ್ಲ.

ದಾನಶಾಸನದ ಕೊನೆಯಲ್ಲಿ ಏನಿರುತ್ತದೆ? ಆಚಂದ್ರಾರ್ಕ, ಮತ್ತು ಶಾಪ. ವಚನದ ಕೊನೆಯಲ್ಲಿ ಅದೇ ಜಾಗದಲ್ಲಿ ಬರುವುದು ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’. ಹಾಗಾಗಿ ಇದನ್ನು ಕಲ್ಲಿನ ಬಾಳಿಕೆಯ ಬಗೆಗಿನ ಮಾತೆಂದು ಓದಿದರೆ ದಾರಿ ತಪ್ಪುತ್ತದೆ. ಶಾಸನದ ಕೊನೆಯ ಭಾಗ ಕಲ್ಲಿನ ಬಗ್ಗೆ ಎಂದೂ ಮಾತಾಡುವುದಿಲ್ಲ, ದತ್ತಿಯ ಬಗ್ಗೆ ಮಾತಾಡುತ್ತದೆ. ಅಳಿವು ಉಳಿವು ಎಂಬುದು ಅಲ್ಲಿ ಕೊಟ್ಟದ್ದು ನಡೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ. ‘ಈ ಧರ್ಮವನಳಿದವಂ’ ಎಂದು ಶಾಸನ ಶಪಿಸುವುದು ಕಂಬ ಮುರಿದವನನ್ನಲ್ಲ, ದತ್ತಿ ಕೆಡಿಸಿದವನನ್ನು.

ಒಂದು ನಿಜವಾದ ಉದಾಹರಣೆ ಹಿಡಿದು ನೋಡೋಣ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯವಿದೆ. ಮೂರು ಗರ್ಭಗುಡಿಗಳ ತ್ರಿಕೂಟ; ಹಿಂದೆ ಅದಕ್ಕೆ ಸೇರಿಕೊಂಡಂತೆ ಕಾಳಾಮುಖ ಶೈವ ಆಚಾರ್ಯರ ಕೋಡಿಯ ಮಠವಿತ್ತು. ಬಿಜ್ಜಳನ ಕಾಲದ, 1162ರ ಒಂದು ಶಾಸನ ಆ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದ, ವ್ಯಾಕರಣ, ದರ್ಶನಗಳು ಅಲ್ಲಿ ಪಾಠವಾಗುತ್ತಿದ್ದವು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಜೈನ ಕ್ಷಪಣಕರಿಗೆ, ಏಕದಂಡಿ ತ್ರಿದಂಡಿ ಸನ್ಯಾಸಿಗಳಿಗೆ ಅಡೆತಡೆಯಿಲ್ಲದೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಗುಡಿಗಳೆಂದರೆ ಕಲ್ಲಿಗೆ ತುಪ್ಪ ಸುರಿಯುವ ಜಾಗಗಳು, ಶರಣರು ಬಂದು ಮೊದಲ ಬಾರಿಗೆ ಹಸಿದವರ ಕಡೆ ನೋಡಿದರು ಎಂದು ಸರಳವಾಗಿ ಹೇಳುವವರು ಈ ಶಾಸನವನ್ನು ಓದಬೇಕು. ಬಸವಣ್ಣನವರ ಒಡೆಯನ ಆಳ್ವಿಕೆಯಲ್ಲಿ, ಅವರದೇ ಕಾಲದಲ್ಲಿ, ಒಂದು ಸ್ಥಾವರ ಸಂಸ್ಥೆ ಈ ಪರಿ ಊಟ ಹಾಕುತ್ತಿತ್ತು. ವಚನದ ಎದುರಿಗೆ ಇದ್ದದ್ದು ಸ್ಥಾವರದ ಕೆಟ್ಟ ಮಾದರಿಯಲ್ಲ, ಅದರ ಅತ್ಯುತ್ತಮ ಮಾದರಿ. ಹಾಗಿದ್ದೂ ‘ಅಳಿವುಂಟು’ ಎಂದಿತು.

ಇಂದು ಬಳ್ಳಿಗಾವೆಗೆ ಹೋದರೆ ಕೇದಾರೇಶ್ವರ ಗುಡಿ ನಿಂತಿದೆ. ಪುರಾತತ್ವ ಇಲಾಖೆಯ ಫಲಕ, ಬೇಲಿ, ಹುಲ್ಲುಹಾಸು. ಒಳಗಿನ ಕಂಬಗಳಲ್ಲಿ ಈಗಲೂ ಹೊಳಪಿದೆ. ಮಠವಿಲ್ಲ. ವ್ಯಾಕರಣದ ಪಾಠವಿಲ್ಲ. ಕಥೆ ಹೇಳುವವನಿಗೂ ಕ್ಷಪಣಕನಿಗೂ ಹಾಕುತ್ತಿದ್ದ ಎಲೆಯಿಲ್ಲ. ಗದ್ದೆಗಳು ಯಾವಾಗಲೋ ಬೇರೆಯವರ ಪಾಲಾದವು, ಯಾರೂ ಹುಳುವಾಗಿ ಹುಟ್ಟಿದ ವರದಿಯಿಲ್ಲ. ಕಲ್ಲು ಎಷ್ಟು ಚೆನ್ನಾಗಿ ಉಳಿದಿದೆಯೋ ಅಷ್ಟೇ ಚೆನ್ನಾಗಿ ಅದು ಯಾತಕ್ಕಾಗಿ ಇತ್ತೋ ಅದು ಅಳಿದಿದೆ. ಬಳ್ಳಿಗಾವೆ ಅಲ್ಲಮಪ್ರಭುವಿನ ಊರೆಂದು ಪರಂಪರೆ ಹೇಳುತ್ತದೆ. ‘ಕಲ್ಲ ಮನೆಯ ಮಾಡಿ, ಕಲ್ಲ ದೇವರ ಮಾಡಿ, ಆ ಕಲ್ಲು ಕಲ್ಲ ಮೇಲೆ ಕೆಡೆದಡೆ ದೇವರೆತ್ತ ಹೋದರೊ?’ ಎಂದು ಕೇಳಿದವನು ಅವನು. ಆ ಕಲ್ಲು ಕೆಡೆಯದೇ ಹೋದರೂ ಪ್ರಶ್ನೆ ಹಾಗೆಯೇ ಇರುತ್ತದೆ ಎಂಬುದನ್ನು ಅವನ ಊರೇ ತೋರಿಸುತ್ತಿದೆ.

ಹೆಸರೂ ಅಷ್ಟೇ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ತನ್ನ ಹೆಸರು ಉಳಿಯಲೆಂದು ಆ ದೇವರಿಗೆ ಲೋಕೇಶ್ವರ ಎಂದು ಹೆಸರಿಟ್ಟಳು. ಗುಡಿ ಇದೆ, ಪೂಜೆಯೂ ಇದೆ. ಲೋಕೇಶ್ವರ ಎಂದರೆ ಇವತ್ತು ಯಾವ ಭಕ್ತನಿಗೂ ಗೊತ್ತಾಗುವುದಿಲ್ಲ. ಶಾಸನ ಓದುವ ನಾಲ್ಕು ಜನಕ್ಕೆ ಗೊತ್ತು.

ಹಾಗಾದರೆ ಜಂಗಮಕ್ಕೆ ಅಳಿವಿಲ್ಲವೆಂದರೇನು? ಇದಕ್ಕೆ ಬಸವಣ್ಣನವರದೇ ಇನ್ನೊಂದು ವಚನ ನೆರವಿಗೆ ಬರುತ್ತದೆ. ‘ಕಲ್ಲನಾಗರ ಕಂಡಡೆ ಹಾಲನೆರೆಯೆಂಬರು, ದಿಟದ ನಾಗರ ಕಂಡಡೆ ಕೊಲ್ಲೆಂಬರಯ್ಯಾ. ಉಂಬ ಜಂಗಮ ಬಂದಡೆ ನಡೆಯೆಂಬರು, ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರಯ್ಯಾ’. ಇಲ್ಲಿ ಜಂಗಮನ ಮೊದಲ ಲಕ್ಷಣ ಅವನು ಚರಿಸುತ್ತಾನೆ ಎಂಬುದಲ್ಲ, ಉಣ್ಣುತ್ತಾನೆ ಎಂಬುದು. ಬಾಗಿಲಿಗೆ ಬಂದು ನಿಂತಿದ್ದಾನೆ, ಹಸಿವಾಗಿದೆ, ಈಗಲೇ ಏನಾದರೂ ಹಾಕಬೇಕು. ಕಲ್ಲಿನ ಲಿಂಗಕ್ಕೆ ನೈವೇದ್ಯ ಹಿಡಿಯುವ ಕೆಲಸವನ್ನು ದತ್ತಿಗೆ ವಹಿಸಬಹುದು, ಪೂಜಾರಿಯನ್ನು ನೇಮಿಸಬಹುದು, ಕೊಟ್ಟವನು ಸತ್ತು ಮುನ್ನೂರು ವರ್ಷವಾದ ಮೇಲೂ ಅವನ ಹೆಸರಿನಲ್ಲಿ ಬೋನ ಹಿಡಿಸಬಹುದು. ಬಾಗಿಲಲ್ಲಿ ನಿಂತವನನ್ನು ಯಾರಿಗೂ ವಹಿಸಲಾಗುವುದಿಲ್ಲ. ದತ್ತಿ ಒಂದು ಮುದ್ದತಿನ ಠೇವಣಿಯ ಹಾಗೆ: ಒಮ್ಮೆ ಇಟ್ಟರಾಯಿತು, ಬಡ್ಡಿಯಿಂದ ಪುಣ್ಯ ನಡೆದುಕೊಂಡು ಹೋಗುತ್ತದೆ. ದಾಸೋಹಕ್ಕೆ ಆ ಸೌಲಭ್ಯವಿಲ್ಲ. ನಿನ್ನೆ ಮಾಡಿದ್ದು ಇವತ್ತಿಗೆ ಲೆಕ್ಕವಿಲ್ಲ.

‘ಹೊನ್ನಿನೊಳಗೊಂದೊರೆಯ, ಸೀರೆಯೊಳಗೊಂದೆಳೆಯ... ಇಂದಿಂಗೆ ನಾಳಿಂಗೆ ಬೇಕೆಂದೆನಾದಡೆ ನಿಮ್ಮಾಣೆ’ ಎಂದು ಅವರು ಬೇರೆ ಕಡೆ ಆಣೆಯಿಡುತ್ತಾರೆ. ಒಂದು ಕಡೆ ಆಚಂದ್ರಾರ್ಕ, ಇನ್ನೊಂದು ಕಡೆ ನಾಳೆಗೂ ಬೇಡ. ಸೂರ್ಯಚಂದ್ರರ ತನಕ ನಡೆಯಬೇಕೆಂದು ಎತ್ತಿಟ್ಟದ್ದನ್ನು ಕಳ್ಳ ಕದಿಯಬಹುದು, ಅರಸ ಕಸಿಯಬಹುದು, ಕಾಲ ತಿನ್ನಬಹುದು. ಎತ್ತಿಡದೆ ಇದ್ದದ್ದನ್ನು ಅಳಿಸುವುದು ಹೇಗೆ? ಬಾಗಿಲಿಗೆ ಮತ್ತೊಬ್ಬ ಬಂದಾಗ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಜಂಗಮಕ್ಕೆ ಅಳಿವಿಲ್ಲವೆಂದರೆ ಯಾವುದೋ ಒಂದು ವಸ್ತು ಸಾಯದೆ ಉಳಿಯುತ್ತದೆ ಎಂದಲ್ಲ. ಅಳಿಯುವುದಕ್ಕೆ ಬೇಕಾದ ದಾಸ್ತಾನೇ ಅದರಲ್ಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಈ ದೇಹದ ಗುಡಿಯೂ ಬೀಳುತ್ತದೆ, ವಚನ ಅದನ್ನು ಅಲ್ಲಗಳೆದಿಲ್ಲ. ಆ ಎರಡು ಕಂಬದ ಗುಡಿ ನಡೆದು ಹೋಗಿ ಇನ್ನೊಂದು ಎರಡು ಕಂಬದ ಗುಡಿಯ ಮುಂದೆ ನಿಂತಾಗ ಆದದ್ದು ಯಾರ ಭಂಡಾರದಲ್ಲೂ ಜಮೆಯಾಗಿರಲಿಲ್ಲ.

ಇದು ಸುಲಭದ ಆದರ್ಶವಲ್ಲ ಎಂಬುದನ್ನೂ ಹೇಳಬೇಕು. ಬರಗಾಲ ಬಂದಾಗ ದತ್ತಿಯಿರುವ ಮಠ ಊಟ ಹಾಕಬಲ್ಲದು. ನಾಳೆಗೂ ಬೇಡವೆಂದವರ ಮನೆಯಲ್ಲಿ ಅಗುಳೂ ಇರುವುದಿಲ್ಲ. ಕೋಡಿಯ ಮಠದ ಆಚಾರ್ಯರು ಈ ವಚನ ಕೇಳಿದ್ದರೆ ಬಹುಶಃ ನಕ್ಕು, ‘ನಿಮ್ಮ ಜಂಗಮ ಕೊನೆಗೆ ಊಟಕ್ಕೆ ನಮ್ಮಲ್ಲಿಗೇ ಬರುತ್ತಾನಯ್ಯಾ’ ಎನ್ನುತ್ತಿದ್ದರೇನೋ.

ಬಸವಣ್ಣನವರ ನಂತರದವರಿಗೂ ಹಾಗೆಯೇ ಅನ್ನಿಸಿರಬೇಕು. ಜಂಗಮರಿಗೆ ಮಠಗಳಾದವು, ಮಠಗಳಿಗೆ ಜಮೀನುಗಳಾದವು, ಪೀಠಗಳಿಗೆ ಪಟ್ಟಾಧಿಕಾರಗಳಾದವು. ವಿರಕ್ತ ಸ್ವಾಮಿಗಳ ಹೆಸರಿನ ಹಿಂದೆ ‘ನಿರಂಜನ ಚರಮೂರ್ತಿ’ ಎಂದು ಇಂದಿಗೂ ಬರೆಯುವುದುಂಟು, ಚರಂತಿಮಠ ಎಂಬ ಹೆಸರೂ ಉಂಟು. ಚರಿಸುವವನಿಗೆ ಮಠ. ಆ ಹೆಸರನ್ನು ಕೇಳಿದಾಗಲೆಲ್ಲ ನನಗೆ ಅದರಲ್ಲಿ ಎರಡು ಎತ್ತು ಎರಡು ದಿಕ್ಕಿಗೆ ಎಳೆಯುವುದು ಕಾಣುತ್ತದೆ. ಇನ್ನೂ ಮುಂದೆ ಹೋಗಿ ಜಂಗಮ ಎಂಬುದೇ ಹುಟ್ಟಿನಿಂದ ಬರುವ ಜಾತಿಯಾಯಿತು. ಕಲ್ಲಿಗಿಂತ ಗಟ್ಟಿಯಾದ ಸ್ಥಾವರ ಅದು, ಅದಕ್ಕೆ ಜೀರ್ಣೋದ್ಧಾರದ ಖರ್ಚೂ ಇಲ್ಲ. ಇದನ್ನು ಬರಿಯ ವಂಚನೆಯೆಂದು ತಳ್ಳಿಹಾಕುವುದು ನನ್ನಿಂದಾಗದು. ಈ ನಾಡಿನ ಎಷ್ಟೋ ಬಡ ಮಕ್ಕಳು ಮಠಗಳ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿ ಬೆಳೆದಿದ್ದಾರೆ. ಕೋಡಿಯ ಮಠದ ವಂಶ ಒಂದು ಅರ್ಥದಲ್ಲಿ ಇವರ ಮೂಲಕವೇ ಮುಂದುವರಿದಿದೆ.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಸುಮಾರು 500 ಕೋಟಿ ರೂಪಾಯಿಯ ಅಂದಾಜು, ಕಲ್ಯಾಣ ಚಾಳುಕ್ಯ ಶೈಲಿ, 770 ಶರಣರ ನೆನಪಿಗೆ 770 ಕಂಬಗಳು ಎಂದು ಆಗ ಪ್ರಕಟವಾದ ಯೋಜನೆ ಹೇಳಿತ್ತು. 770 ಶರಣರಿಗೆ ಒಟ್ಟು 1540 ಕಂಬಗಳು ಮೊದಲೇ ಇದ್ದವಲ್ಲ ಎಂದು ನನಗೆ ಥಟ್ಟನೆ ತೋಚಿತು. ಆದರೆ ಆ ಕುಹಕವೂ ಪೂರ್ತಿ ನಿಲ್ಲುವುದಿಲ್ಲ. ಕಟ್ಟಿದರೆ ಜನ ಬರುತ್ತಾರೆ, ಬಂದವರು ಯಾರಾದರೂ ಒಂದಿಷ್ಟು ಓದುತ್ತಾರೆ. ಉಳ್ಳವರು ಕಟ್ಟುವುದು ಹೊಸದೂ ಅಲ್ಲ. ಜೀರ್ಣೋದ್ಧಾರದ ಬಾಬತ್ತಿಗೆ ಹಣ ಎತ್ತಿಟ್ಟಿದ್ದಾರೆಯೇ ಎಂಬುದೊಂದನ್ನು ಕೇಳಬೇಕು. ಹನ್ನೆರಡನೆಯ ಶತಮಾನದ ದಂಡನಾಯಕರು ಅದನ್ನು ಮರೆಯುತ್ತಿರಲಿಲ್ಲ.

ಕಲ್ಲಿನ ಪರವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಬಸವಣ್ಣ ಎಂಬ ಮನುಷ್ಯ ನಿಜವಾಗಿ ಇದ್ದರು ಎನ್ನುವುದಕ್ಕೆ ಪುರಾಣ ಕಾವ್ಯಗಳ ಹೊರಗೆ ಸಿಗುವ ಬಹುಮುಖ್ಯ ಸಾಕ್ಷಿ ಒಂದು ಶಾಸನ, ಬೆಳಗಾವಿ ಜಿಲ್ಲೆಯ ಅರ್ಜುನವಾಡದ್ದು. ಸೇವುಣ ಅರಸ ಕನ್ನರನ ಕಾಲದ್ದು, 1260ರದ್ದು. ಬಾಗೇವಾಡಿ, ತಂದೆ ಮಾದಿರಾಜ, ಮಗ ಬಸವರಾಜ ಎಂಬ ವಿವರಗಳು ಅದರಲ್ಲಿವೆ. ಬಸವಣ್ಣನವರ ಅಣ್ಣನ ವಂಶದ ಹಾಲಬಸವಿದೇವನ ಹೆಸರೂ ಅದರಲ್ಲಿ ಬರುತ್ತದೆ. ಅದು ಎಂಥ ಶಾಸನ ಎಂದು ಕೇಳಿದರೆ, ದತ್ತಿ ಶಾಸನ. ಜಂಗಮವನ್ನು ಹಾಡಿದವರ ಊರು, ಮನೆತನ, ತಂದೆಯ ಹೆಸರುಗಳನ್ನು ನಮಗಾಗಿ ಕಾದಿಟ್ಟದ್ದು ಸ್ಥಾವರದ ಕಾಗದಪತ್ರ.

ವಚನಗಳು ಬಂದ ದಾರಿ ಬೇರೆ. ಹನ್ನೆರಡನೆಯ ಶತಮಾನದ ಓಲೆ ಒಂದೂ ನಮ್ಮ ಕೈಸೇರಿಲ್ಲ. ಬಾಯಿಂದ ಬಾಯಿಗೆ, ಆಮೇಲೆ ಓಲೆಯಿಂದ ಓಲೆಗೆ ಪ್ರತಿಯಾಗುತ್ತಾ ಅವು ಬಂದವು. ಆ ಓಲೆಗಳನ್ನು ಮನೆಮನೆಗಳಲ್ಲಿ ಹುಡುಕಿ, ಜೋಡಿಸಿ, ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ. ಹೀಗೆ ನಡೆದು ಬಂದದ್ದರಿಂದ ಅವುಗಳ ಮಾತು ಒಂದೇ ಕಡೆ ನಿಂತಿಲ್ಲ. ಇದೇ ವಚನವನ್ನು ಕೆಲವರು ‘ಶಿವಾಲಯವ ಮಾಡಿಹರು’ ಎಂದು ಓದುತ್ತಾರೆ, ಹಾಡುವವರು ‘ಶಿವಾಲಯ ಮಾಡುವರು’ ಎನ್ನುತ್ತಾರೆ. ‘ನಾನೇನ ಮಾಡುವೆ’ ಎಂಬುದು ‘ನಾನೇನ ಮಾಡಲಿ’ ಆಗುತ್ತದೆ. ಅರ್ಜುನವಾಡದ ಕಲ್ಲಿನಲ್ಲಿ ಕೆತ್ತಿದ ಅಕ್ಷರ ಕೆತ್ತಿದಂತೆಯೇ ಇದೆ. ಶುದ್ಧಪಾಠ ಯಾವುದೆಂದು ಪಂಡಿತರು ವಾದಿಸಲಿ, ಅದು ಅವರ ಕೆಲಸ. ನನಗೆ ‘ಮಾಡಿಹರು’ ಹೆಚ್ಚು ಇಷ್ಟ. ಗುಡಿ ಆಗಲೇ ಎದ್ದು ನಿಂತಿದೆ, ಭಂಡಾರಿ ಅದರ ಮುಂದೆ ನಿಂತು ತನ್ನ ಕಾಲು ನೋಡಿಕೊಳ್ಳುತ್ತಿದ್ದಾರೆ ಎಂಬ ಚಿತ್ರ ಅದರಲ್ಲಿ ಸಿಗುತ್ತದೆ. ಹಾಡುವವರ ‘ಮಾಡುವರು’ ಕೂಡ ತಪ್ಪೆನ್ನಲಾರೆ. ಉಳ್ಳವರು ಮಾಡುತ್ತಲೇ ಇದ್ದಾರಲ್ಲ.